ತುಂಡು ಮಾಡಿ ಬರೆದ ಭಾಷಣ

ನಮ್ಮ ಸೋದರಮಾವ ಮಾತಿಗೆ ಕೂತರೆ ಒಂದು ವಾಕ್ಯ ಮುಗಿಯುವುದರೊಳಗೆ ಚಹಾ ಆರಿಹೋಗುತ್ತಿತ್ತು. ಅಂಥವರ ಭಾಷಣವನ್ನು ತುಂಡು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಾನಿರುವ ಹೈದರಾಬಾದಿನಲ್ಲಿ ಅವರ ತೆಲುಗು ಗೆಳೆಯರೊಬ್ಬರು ತೀರಿಕೊಂಡಿದ್ದರು. ನಿಜಾಮರ ಕಾಲದ ಕಚೇರಿಯಲ್ಲಿ ಇಬ್ಬರದೂ ಅಕ್ಕಪಕ್ಕದ ಮೇಜು, ಮಾತೆಲ್ಲ ಉರ್ದು. ರಾಜ್ಯ ಬೇರೆಯಾದಾಗ ಮಾಮಾ ಗುಲ್ಬರ್ಗಕ್ಕೆ ಹೋದರು, ಗೆಳೆಯರು ಇಲ್ಲೇ ಉಳಿದರು. ದಿಲ್‌ಸುಖ್‌ನಗರದ ಸಂತಾಪಸಭೆಗೆ ಉರ್ದುವೇ ಸಾಕಲ್ಲ ಎಂದೆ.

“ಅದು ಕಚೇರಿ ಮಾತಲೇ. ಇದನ್ನ ಕನ್ನಡದಾಗ ಹೇಳಬೇಕು,” ಎಂದರು.

ಹಾಸಿಗೆ ಹಿಡಿದ ಗೆಳೆಯ, ಬಾ ಎಂದು ಕಾಗದ ಬರೆಸಿದ್ದರಂತೆ. ಮುಂದಿನ ತಿಂಗಳು ಬರುತ್ತೇನೆಂದು ಮಾಮಾ ಉತ್ತರ ಹಾಕಿದರು. ಆ ತಿಂಗಳು ಹುಟ್ಟುವ ಮೊದಲೇ ಗೆಳೆಯ ಹೋದರು. ಅದಕ್ಕಾಗಿ ಗೆಳೆಯನ ಹೆಂಡತಿಯ ಎದುರು, ನಾಲ್ಕು ಜನರ ನಡುವೆ ಕ್ಷಮೆ ಕೇಳಬೇಕಿತ್ತು.

ತೆಲುಗಿಗೆ ತಿರುಗಿಸಿ ಹೇಳಲು ಗೆಳೆಯರ ಮಗಳೇ ಒಪ್ಪಿದರು. ಬಳ್ಳಾರಿಯಲ್ಲಿ ಶಿಕ್ಷಕಿ, ಎರಡೂ ಭಾಷೆ ಸಲೀಸು. ನಮ್ಮ ಕನ್ನಡ ಸಂಘದ ಸಭೆಗಳಿಗೆ ಇಂಥ ಭಾಷಣ ಬರೆದು ನನಗೆ ರೂಢಿಯಿತ್ತು. ಉದ್ದದ ವಾಕ್ಯ ಕೊಟ್ಟರೆ ತಿರುಗಿಸಿ ಹೇಳುವವರು ತಲೆ ಮರೆತು ಬಾಲ ಹಿಡಿಯುತ್ತಾರೆ. ಒಂದು ವಾಕ್ಯಕ್ಕೆ ಒಂದೇ ಸಂಗತಿ. ಹತ್ತು ನಿಮಿಷ ಸಿಕ್ಕರೆ ನಮ್ಮದು ಐದೇ, ಉಳಿದದ್ದು ಅನುವಾದಕ್ಕೆ. ಆಕೆ ಮುಗಿಸುವವರೆಗೆ ಬಾಯಿ ತೆರೆಯಬೇಡಿ ಎಂದು ಮಾಮಾನಿಗೆ ಹೇಳಿದೆ. ಅವರು ‘ನಾನು’ ಎಂದರೆ ನೀವೂ ‘ನಾನು’ ಎನ್ನಿ, ‘ಅವರು ಹೇಳುತ್ತಾರೆ’ ಎಂದು ಸೇರಿಸಬೇಡಿ ಎಂದು ಆಕೆಗೆ ಹೇಳಿದೆ. ಆಕೆ ಭಾಷಣದ ಕಾಗದ ಓದಿ ಮಡಿಸಿಟ್ಟುಕೊಂಡರು.

ಪರೀಕ್ಷೆಯ ಪೇಪರು ತಿದ್ದಿ ಮುಗಿಸಿ ಬರುತ್ತೇನೆಂದು ಆಕೆಯೂ ತಡಮಾಡಿದ್ದರು, ತಂದೆಯ ಮುಖ ಕೊನೆಗೆ ನೋಡಲಾಗಿರಲಿಲ್ಲ. ನನಗೆ ಅದು ಗೊತ್ತಿತ್ತು. ಬರೆಯುವಾಗ ನೆನಪಾಗಲಿಲ್ಲ.

ಸಭೆಯಲ್ಲಿ ಮೊದಲೆಲ್ಲ ಸರಾಗವಾಗಿ ಸಾಗಿತು. ಮಾಮಾ ಒಂದು ವಾಕ್ಯ ಹೇಳಿ ನಿಲ್ಲುವರು, ಆಕೆ ತೆಲುಗಿನಲ್ಲಿ ಹೇಳುವರು.

“ನಾನು ಮುಂದಿನ ತಿಂಗಳು ಬರುತ್ತೇನೆ ಎಂದೆ.” ಆಕೆಯ ದನಿ ತಗ್ಗಿತು.

“ನಾನು ಬರಲಿಲ್ಲ.”

“ನೇನು...” ಎಂದವರು ನಿಂತುಬಿಟ್ಟರು. ಪದ ಹುಡುಕುತ್ತಿದ್ದಾರೆಂದು ಜನ ಕಾದರು. ನಾನು ಕಲಿಸಿದಂತೆ ಮಾಮಾನೂ ಕಾದರು. ಕಡೆಗೆ ಆಕೆ ಮುಂದಿನ ಸಾಲಿನಲ್ಲಿದ್ದ ತಾಯಿಯನ್ನು ನೋಡುತ್ತ, “ನೇನು ರಾಲೇದು,” ಎಂದರು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಾಮಾನ ಮುಂದಿನ ವಾಕ್ಯವೇ ಕ್ಷಮೆಯದು. ಅವರು ಕಾಗದ ನೋಡಿದರು, ಆಕೆಯನ್ನು ನೋಡಿದರು. ಕಾಗದ ಮಡಿಸಿದರು.

“ಸಾಕವಾ, ಕುಂಡ್ರು,” ಎಂದು ಸಭೆಗೆ ಕೈಮುಗಿದರು.

ಸಭೆ ಮುಗಿದಾಗ ಆ ತಾಯಿ ಮಗಳನ್ನು ತಬ್ಬಿಕೊಂಡು ಕೂತಿದ್ದರು. ಮಾಮಾ ಅವರತ್ತ ನಾಲ್ಕು ಹೆಜ್ಜೆ ಹೋದವರು ಹಿಂದಿರುಗಿ ಚಪ್ಪಲಿ ಮೆಟ್ಟಿದರು.

ನಾಂಪಲ್ಲಿ ಸ್ಟೇಷನ್ನಿಗೆ ಹೋಗುವಾಗ ಅರ್ಧ ದಾರಿಯಲ್ಲಿ ಮಾಮಾ ಮೆಲ್ಲಗೆ ಕೇಳಿದರು: “ನನ್ನ ತಪ್ಪು ನಾನು ಹೊರಾಂವ ಇದ್ದೆ. ಆ ಕೂಸಿನ ಬಾಯಾಗ ಯಾಕ ಹಾಕಿದೆಲೇ?”