ಅರ್ಜಿಯೊಳಗಿನ ತಮ್ಮ

ಬೀದಿಗೆಲ್ಲ ಅವಳು ಟೈಲರಕ್ಕ. ಅಕ್ಕ ಎಂದು ಕರೆಯುವ ಬಾಯಿಗಳಿಗೆ ಲೆಕ್ಕವಿಲ್ಲ, ಆದರೆ ಬೆನ್ನಿಗೆ ಬಿದ್ದ ತಮ್ಮ ತಂಗಿ ಒಬ್ಬರೂ ಇಲ್ಲ. ಜಿಪ್ ಬದಲಿಸುವುದು, ಹೊಟ್ಟೆ ಬಂದವರ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿಯುವುದು ಅವಳ ಕಸುಬು. "ಹೋದ ವರ್ಷಾನೇ ಬಿಚ್ಚಿದ್ದೆ, ಒಳಗೆ ಇನ್ನು ಬಟ್ಟೆ ಇಲ್ಲ. ನೀವೇ ಕಡಿಮೆ ಆಗ್ಬೇಕು" ಎಂದು ಗಿರಾಕಿಯ ಮುಖಕ್ಕೇ ಹೇಳುವವಳು.

ಹೊಸ ಮಷೀನಿಗೆ ಸಾಲ ಮಾಡಿದ್ದಳು. ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ ಆಗುತ್ತಿತ್ತು. ಖಾತೆಯಲ್ಲಿದ್ದರೆ ಖರ್ಚಾದೀತು ಎಂಬ ಭಯ ಅವಳಿಗೆ. ಹಣವನ್ನು ಗುಂಡಿ ಡಬ್ಬಿಯಲ್ಲಿಟ್ಟು, ಕಂತಿನ ಹಿಂದಿನ ದಿನವಷ್ಟೇ ಹೋಗಿ ಖಾತೆಗೆ ಹಾಕುವಳು. ಈ ಸಲ ಆ ದಿನವೇ ಪಿತ್ತಕೋಶದ ಕಲ್ಲು ಅವಳನ್ನು ಆಪರೇಷನ್ ಟೇಬಲ್ಲಿಗೆ ಹತ್ತಿಸಿತು. ಹಣ ಡಬ್ಬಿಯಲ್ಲೇ ಉಳಿಯಿತು. ಮನೆಗೆ ಬಂದವಳೇ ಕಂತು ಕಟ್ಟಿದಳು, ಅಷ್ಟರಲ್ಲಿ ತಡವಾದದ್ದಕ್ಕೆ ದಂಡ ಬಿದ್ದಿತ್ತು. ಆ ದಂಡ ಕಟ್ಟಿದರೆ ಡಾಕ್ಟರು ಬರೆದ ಮಾತ್ರೆಗೆ ದುಡ್ಡಿಲ್ಲ.

ದಂಡ ಮನ್ನಾ ಮಾಡಿ ಎಂದು ಅರ್ಜಿ ಬರೆದು, ಹೊಟ್ಟೆ ಹಿಡಿದುಕೊಂಡು, ಸಾಲ ಕೊಟ್ಟ ಫೈನಾನ್ಸ್ ಕಚೇರಿಗೆ ಹೋದಳು. ಡಾಕ್ಟರು ಹಾಕಿದ ಹೊಲಿಗೆ ಸೊಟ್ಟಗಿದೆ ಎಂಬ ಅಸಮಾಧಾನ ಬೇರೆ. ಸಾಲದ ನಂಬರು, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರದ ನಕಲು, ಕಂತು ಕಟ್ಟಿದ ರಸೀದಿ ಎಲ್ಲ ಇದ್ದವು. ಅಲ್ಲಿನ ಎಳೆ ವಯಸ್ಸಿನ ಅಧಿಕಾರಿ ಓದುತ್ತಾ ಒಂದು ಕಡೆ ತಡೆದ.

"ಅಕ್ಕ, ಆಸ್ಪತ್ರೆಯಲ್ಲಿ ನನ್ನ ತಮ್ಮ ಜೊತೆಗಿದ್ದು ನೋಡಿಕೊಂಡ ಅಂತ ಬರ್ದಿದೀರ. ಹಾಗಾದ್ರೆ ಅವರೇ ಕಟ್ಟಬಹುದಿತ್ತಲ್ಲ? ಮೇಲಿನವರು ಮೊದಲು ಕೇಳೋದೇ ಇದನ್ನ."

ಜೊತೆಗೆ ಯಾರಿದ್ದಾರೆ ಎಂದು ನರ್ಸು ಮತ್ತೆ ಮತ್ತೆ ಕೇಳಿದಾಗ ಟೈಲರಕ್ಕ ಹುಟ್ಟಿಸಿಕೊಂಡ ತಮ್ಮ ಅವನು. "ಈಗ ಬರ್ತಾನೆ" ಎಂದು ಅಲ್ಲಿ ದಿನ ದೂಡಿದ್ದಳು, ಅರ್ಜಿಯಲ್ಲೂ ಅವನನ್ನು ಸೇರಿಸಿದ್ದಳು. ಯಾರೂ ಇಲ್ಲ ಎಂದು ಹೇಳಿಕೊಳ್ಳಲು ಅವಳಿಗೆ ಸಾಲಗಾರಳು ಎನ್ನಿಸಿಕೊಳ್ಳುವುದಕ್ಕಿಂತ ಹೆಚ್ಚು ನಾಚಿಕೆ.

"ತಮ್ಮ ಇಲ್ಲ ಸರ್" ಎಂದಳು.

"ಊರಲ್ಲಿಲ್ವಾ?"

"ಹುಟ್ಟೇ ಇಲ್ಲ."

ಅವನು ನಗಲಿಲ್ಲ. ಬಿಳಿ ಹಾಳೆಯೊಂದನ್ನು ಮುಂದೆ ಸರಿಸಿದ. "ಇದ್ದದ್ದು ಇದ್ದ ಹಾಗೇ ಬರೀರಿ, ಸಾಕು."

ಮನೆಯಲ್ಲಿ ನಾನೊಬ್ಬಳೇ ಇರುವುದು, ನನ್ನ ಪರವಾಗಿ ಹಣ ಕಟ್ಟುವವರು ಯಾರೂ ಇರಲಿಲ್ಲ ಎಂದು ಬರೆದಳು. ಅಷ್ಟು ಬರೆಯಲು ಒಂದು ಪ್ಯಾಂಟು ಹೊಲಿಯುವಷ್ಟು ಹೊತ್ತು ಹಿಡಿಯಿತು.

ಮುಂದಿನ ವಾರ ಕರೆ ಬಂತು, ಹೋದಳು. "ದಂಡ ಮನ್ನಾ ಆಯ್ತು, ಇದೊಂದು ಸಲಕ್ಕೆ ಮಾತ್ರ. ಖಾತೆಲಿ ದುಡ್ಡಿರಲಿಲ್ಲ ಅಂತ ಬ್ಯಾಂಕಿನವರು ಹಿಡ್ಕೊಂಡಿರೋ ಚಾರ್ಜು ನಮ್ಮ ಕೈಲಿಲ್ಲ" ಎಂದ ಅಧಿಕಾರಿ. ಅವನು ಕಂಪ್ಯೂಟರಿನ ಕಡೆ ತಿರುಗಿದ. "ನೀವು ಫೋನ್ ಎತ್ತದಿದ್ರೆ ಕಂತು ನೆನಪಿಸೋಕೆ ಇನ್ನೊಂದು ನಂಬರ್ ಬೇಕಲ್ಲ ಅಕ್ಕ. ಯಾರ್ದಾದ್ರೂ ಕೊಡಿ."

ಅವಳು ತನ್ನ ಹೊಲಿಗೆ ಅಂಗಡಿಯ ನಂಬರ್ ಹೇಳಿದಳು. ಅವನು ಟೈಪ್ ಮಾಡಿದ.

"ಇದನ್ನ ಯಾರು ಎತ್ತೋದು?"

"ನಾನೇ" ಎಂದಳು.