ಮಾರುಕಟ್ಟೆಗೆ ಬಾರದವರಿಗೆ ಒಂದು ವಾಕ್ಯ

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ಸಂಶೋಧನೆಯ ಸಾರಾಂಶ ಓದುವಾಗ ಇನ್ನೂ ಬೇಗ. ಇನ್ನೂರೈವತ್ತು ಪದ ಮೀರಬಾರದು ಎಂದು ಸಮ್ಮೇಳನದವರು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ನಮ್ಮ ಮಕ್ಕಳು ಮುನ್ನೂರು ಚಿಲ್ಲರೆ ಬರೆದು, "ಮೇಡಂ, ಸ್ವಲ್ಪ ಜಾಸ್ತಿ ಆಗಿದೆ" ಎಂದು ಹಲ್ಲು ಕಿರಿಯುತ್ತಾರೆ. ಕೋಲಾರದ ನಮ್ಮ ಕಾಲೇಜಿನಲ್ಲಿ ರೇಷ್ಮೆ ಕೃಷಿ ಪಾಠ ಮಾಡುತ್ತಾ ಇಪ್ಪತ್ತು ವರ್ಷ ಕಳೆದ ನನಗೆ ಹುಡುಗರು ಇಟ್ಟಿರುವ ಹೆಸರು ಕತ್ತರಿ ಮೇಡಂ. ಕೇಳಿಸದ ಹಾಗೆ ಇದ್ದೇನೆ.

ಆ ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಶ್ರೀನಿವಾಸಪುರ ಕಡೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂ.ಎಸ್ಸಿ. ಕೊನೆಯ ವರ್ಷ, ನನ್ನ ಕೈಕೆಳಗೇ ಪ್ರಾಜೆಕ್ಟು. ಸಂಜೆ ಐದಕ್ಕೆ ಸಾರಾಂಶ ಕಳಿಸುವ ಗಡುವು. ಒಳ್ಳೆಯ ನಾಲ್ಕು ಸಾರಾಂಶಗಳಿಗೆ ವೇದಿಕೆಯ ಮೇಲೆ ಮಾತಾಡುವ ಅವಕಾಶ, ಮಿಕ್ಕವರೆಲ್ಲ ಗೋಡೆಗೆ ಪೋಸ್ಟರ್ ಅಂಟಿಸಿ ಪಕ್ಕದಲ್ಲಿ ನಿಲ್ಲಬೇಕು. ಇವಳಿಗೆ ವೇದಿಕೆಯೇ ಬೇಕು. ಆರು ತಿಂಗಳಿಂದ ಕನ್ನಡಿ ಮುಂದೆ ಮಾತಾಡಿ ಅಭ್ಯಾಸ ಮಾಡಿದ್ದಾಳೆಂದು ಅವಳ ರೂಮಿನ ಗೆಳತಿಯರೇ ನನಗೆ ಹೇಳಿದ್ದರು.

"ಎಷ್ಟು ಪದ ಕಣೇ?"

"ಇನ್ನೂರ ತೊಂಬತ್ತು, ಮೇಡಂ."

ನಾನು ನೋಡಿದೆ. ಎರಡೆರಡು ಪದಗಳ ನಡುವೆ ಅಡ್ಡಗೆರೆ ಹಾಕಿ ಒಂದೊಂದು ಮಾಡಿದ್ದಾಳೆ! ಗೆರೆ ತೆಗೆದರೆ ಮುನ್ನೂರ ಹನ್ನೆರಡು.

"ಏನೇ ಇದು, ಬಸ್ಸಲ್ಲಿ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಅರ್ಧ ಟಿಕೆಟ್ಟೂ ಬೇಡ ಅಂತೀಯಲ್ಲ!"

ಅವಳಿಗೂ ನಗು ಬಂತು. ಇಬ್ಬರೂ ಕೂತೆವು. 'ಪ್ರಪ್ರಥಮ ಬಾರಿಗೆ' ಹೋಯಿತು. 'ಅತ್ಯಂತ ಮಹತ್ವದ' ಹೋಯಿತು. ಒಂದೇ ಫಲಿತಾಂಶವನ್ನು ಎರಡು ಸಲ ಹೇಳಿದ್ದಳು, ಒಂದನ್ನು ಕಿತ್ತೆವು. ಮೂರೂವರೆ ಹೊತ್ತಿಗೆ ಸರಿಯಾಗಿ ಇನ್ನೂರೈವತ್ತಕ್ಕೆ ಬಂದು ನಿಂತಿತು. ನನಗೆ ಖುಷಿಯೋ ಖುಷಿ. ಪ್ರಯೋಗಾಲಯದ ಅಟೆಂಡರ್ ಅಣ್ಣನಿಗೆ ಟೀ ತರಲು ಹೇಳಿದೆ.

ಅವಳ ಕೆಲಸ ಇಷ್ಟು. ಮಳೆಗಾಲದಲ್ಲಿ ಹುಳು ಮೇಯುವ ಸೊಪ್ಪಿನ ಹಾಸಿಗೆ ಒದ್ದೆಯಾದರೆ ರೋಗ ಹತ್ತುತ್ತದೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸುಣ್ಣದ ಪುಡಿ ಉದುರಿಸಿದರೆ ಹಾಸಿಗೆ ಒಣಗಿರುತ್ತದೆ. ಹೀಗೆ ಮಾಡುವ ರೈತರಿಗೂ ಮಾಡದವರಿಗೂ ನೂರು ಚಿಟ್ಟೆಗಳ ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂತೆಂದು ಗೂಡಿನ ಮಾರುಕಟ್ಟೆಯಲ್ಲಿ ಕೇಳಿ ಬರೆದುಕೊಂಡಿದ್ದಳು. ಸುಣ್ಣ ಹಾಕಿದವರಿಗೆ ಹೆಚ್ಚು ಬಂದಿತ್ತು. ಸಾರಾಂಶದ ಕೊನೆಯ ಸಾಲು ಹೀಗಿತ್ತು: ಸುಣ್ಣದ ಪುಡಿ ಬಳಸಿದರೆ ಬೆಳೆ ನಷ್ಟ ತಪ್ಪುತ್ತದೆ.

ನಾನು ಆ ಸಾಲನ್ನು ಜೋರಾಗಿ ಓದಿದೆ, ಗತ್ತಿನಿಂದ. ಟೀ ಇಡುತ್ತಿದ್ದ ಅಟೆಂಡರ್ ಅಣ್ಣ ಪಕ್ಕನೆ ನಕ್ಕುಬಿಟ್ಟ. ವೇಮಗಲ್ ಹತ್ತಿರ ಅವನದೂ ಒಂದು ಎಕರೆ ಹಿಪ್ಪುನೇರಳೆ ತೋಟ ಇದೆ.

"ಏನಣ್ಣಾ?" ಎಂದೆ.

"ಏನಿಲ್ಲ ಮೇಡಂ. ಬೆಳೆ ಹೋದೋನು ಮಾರ್ಕೆಟ್‌ಗೆ ಏನ್ ತರ್ತಾನೆ? ಖಾಲಿ ಚೀಲಾನಾ? ಅವನು ಮನೇಲಿ ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ತಾನೆ. ಈ ಮಗು ಪಾಪ ಮಾರ್ಕೆಟ್ ಗೇಟಲ್ಲಿ ನಿಂತ್ಕೊಂಡು ಬೆಳೆ ಹೋಯ್ತಾ ಅಂತ ಯಾರನ್ನ ಕೇಳ್ತು?"

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಏಕೆಂದರೆ ಮಾರುಕಟ್ಟೆಗೆ ಹೋಗೆಂದು ಹೇಳಿದ್ದು ನಾನೇ. "ಊರೂರು ಯಾಕ್ ಅಲೀತೀಯೇ, ಬೆಳಗ್ಗೆ ಎಲ್ಲಾ ಅಲ್ಲಿಗೇ ಬರ್ತಾರೆ" ಎಂದು ಬುದ್ಧಿ ಹೇಳಿ, ಯೋಜನೆಗೆ ಸಹಿಯನ್ನೂ ಹಾಕಿದ್ದೆ. ಎಲ್ಲಾ ಬರುತ್ತಾರೆ, ಗೂಡು ಇರುವವರೆಲ್ಲ!

ನಿಜ ಹೇಳಿಬಿಡುತ್ತೇನೆ, ಮೊದಲು ನನಗೆ ಬಂದದ್ದು ಕಳ್ಳ ಯೋಚನೆ. ಇನ್ನೂರೈವತ್ತು ಪದ ಭರ್ತಿ ಆಗಿದೆ, ಜಾಗವೇ ಇಲ್ಲ, ಯಾರು ಕೇಳುತ್ತಾರೆ. ಲೇಖಕರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ನನ್ನ ತಪ್ಪನ್ನು ನಾನೇ ಏಕೆ ಊರಿಗೆಲ್ಲ ಸಾರಲಿ? ನಾಚಿಕೆಯಾಯಿತು. ಆದರೂ ಯೋಚನೆ ಬಂದದ್ದು ನಿಜ.

"ಮೇಡಂ, ಅಧ್ಯಯನಕ್ಕೆ ಈ ಮಿತಿ ಇದೆ ಅಂತ ಬರೆದ್ರೆ ಪೋಸ್ಟರ್‌ಗೆ ತಳ್ತಾರೆ ಅಲ್ವಾ?" ಎಂದಳು ಹುಡುಗಿ, ಮೆಲ್ಲಗೆ.

"ತಳ್ಳಬಹುದು ಕಣೇ. ಸುಳ್ಳು ಹೇಳಲ್ಲ."

ಅವಳು ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಆಮೇಲೆ ಹೇಳಿದಳು, "ಮೇಡಂ, ನಮ್ಮನೇ ಬೆಳೇನೂ ಹೋಯ್ತು. ನಾನು ಮಾರ್ಕೆಟ್‌ನಲ್ಲಿ ಕೇಳ್ತಿದ್ದ ತಿಂಗಳೇ. ಅಮ್ಮ ಸುಣ್ಣಾನೂ ಹಾಕಿದ್ರು. ಹುಳು ಎಲ್ಲಾ ಗುಂಡಿಗೆ ಹಾಕಿ ಮುಚ್ಚಿದ್ವಿ. ನನ್ನ ಪಟ್ಟೀಲಿ ಅಮ್ಮ ಇಲ್ಲ ಅನ್ನೋದು ಇವತ್ತಿನವರೆಗೂ ಹೊಳೀಲೇ ಇಲ್ಲ."

ಅಟೆಂಡರ್ ಅಣ್ಣ ಲೋಟ ತೆಗೆದುಕೊಂಡು, "ಬರ್ದಾಕಮ್ಮಾ" ಎಂದಷ್ಟೇ ಹೇಳಿ ಹೋದ.

ಬರೆದೆವು. 'ನಷ್ಟ ತಪ್ಪುತ್ತದೆ' ಎಂಬುದನ್ನು ಹೊಡೆದು, ಗೂಡು ಮಾರಲು ಬಂದ ರೈತರಲ್ಲಿ ಸುಣ್ಣ ಬಳಸಿದವರು ಹೆಚ್ಚಿನ ಇಳುವರಿ ತಿಳಿಸಿದರು ಎಂದು ಹಾಕಿದೆವು. ಸುಣ್ಣ ಹಾಕುವವರು ಹುಳು ಮನೆಯನ್ನೂ ಚೊಕ್ಕಟವಾಗಿ ಇಟ್ಟುಕೊಂಡಿರಬಹುದು, ಇಳುವರಿ ಯಾವುದರಿಂದ ಬಂತೆಂದು ಈ ಅಧ್ಯಯನ ಹೇಳಲಾರದು. ಆ ಮಾತನ್ನೂ ಸೇರಿಸಿದೆವು. ಕೊನೆಯ ವಾಕ್ಯವನ್ನು ಅವಳೇ ಬರೆದಳು: ಬೆಳೆ ಪೂರ್ತಿ ಕಳೆದುಕೊಂಡವರು ಮಾರುಕಟ್ಟೆಗೆ ಬರದ ಕಾರಣ ಅವರನ್ನು ಕೇಳಿಲ್ಲ, ಆದ್ದರಿಂದ ಬೆಳೆ ನಷ್ಟದ ಬಗ್ಗೆ ಇದರಿಂದ ಏನೂ ಹೇಳಲಾಗದು.

ಎಣಿಸಿದರೆ ಇನ್ನೂರ ಎಪ್ಪತ್ತೊಂಬತ್ತು! ಗಂಟೆ ನಾಲ್ಕೂ ನಲವತ್ತು.

"ಮೇಡಂ, ಇನ್ನೇನು ಕಿತ್ತರೂ ಅರ್ಥ ಕೆಡುತ್ತೆ."

ಕಿತ್ತರೂ ಅರ್ಥ ಕೆಡದ ಸಾಲು ಒಂದಿತ್ತು, ಇಬ್ಬರಿಗೂ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ, ಅಷ್ಟು ಮರ್ಯಾದೆ. ಸಾರಾಂಶದ ಮೊದಲ ವಾಕ್ಯ. ನಮ್ಮ ನಾಡಿನ ರೇಷ್ಮೆಯ ಪರಂಪರೆ, ಹಿರಿಮೆ, ಗರಿಮೆ. ಮೂವತ್ತೊಂದು ಪದ. ಇಪ್ಪತ್ತು ವರ್ಷಗಳಿಂದ ನನ್ನ ಪ್ರತಿ ವಿದ್ಯಾರ್ಥಿಯ ಸಾರಾಂಶಕ್ಕೂ ನಾನೇ ಕೂರಿಸುತ್ತಾ ಬಂದ ವಾಕ್ಯ ಅದು. ಎಲ್ಲರ ಮಾತಿಗೂ ಕತ್ತರಿ ಹಾಕಿದವಳಿಗೆ ತನ್ನ ಬೆನ್ನು ಕಂಡಿರಲಿಲ್ಲ. ಹಲ್ಲು ಕಚ್ಚಿ ಅಳಿಸಿದೆ. ಇನ್ನೂರ ನಲವತ್ತೆಂಟು. ಐದಕ್ಕೆ ಆರು ನಿಮಿಷ ಇರುವಾಗ ಕಳಿಸಿದೆವು.

ಮೂರು ವಾರದ ಮೇಲೆ ಉತ್ತರ ಬಂತು: ಪೋಸ್ಟರ್. ಹುಡುಗಿ ನನ್ನ ಕೋಣೆಯಲ್ಲೇ ಅದನ್ನು ಓದಿದಳು. "ಪರ್ವಾಗಿಲ್ಲ ಮೇಡಂ" ಎಂದಳು, ಆದರೆ ಮುಖ ಸಣ್ಣದಾಗಿತ್ತು. ತಪ್ಪು ನನ್ನದು, ವೇದಿಕೆ ಹೋದದ್ದು ಅವಳದು.

ಅಷ್ಟರಲ್ಲಿ ಅವಳ ಅಮ್ಮನ ಫೋನು. ಆ ತಾಯಿಯ ದನಿ ದೊಡ್ಡದು, ಸ್ಪೀಕರ್ ಹಾಕದೆಯೇ ಕೋಣೆಗೆಲ್ಲ ಕೇಳುತ್ತಿತ್ತು.

"ಏನಾಯ್ತೇ, ಸ್ಟೇಜ್ ಸಿಕ್ತಾ?"

"ಇಲ್ಲಮ್ಮ. ಗೋಡೆಗೆ ಅಂಟಿಸ್ಬೇಕಂತೆ."

"ಅಯ್ಯೋ, ಹೋಗ್ಲಿ. ಬೆಳೆ ಹೋದೋರ ವಿಷ್ಯ ಬರ್ದೆ ಅಂದಲ್ಲ, ಅದು ಹಂಗೇ ಇದೆಯಾ?"

"ಇದೆಯಮ್ಮ."

"ಹಂಗಾದ್ರೆ ಸಾಕು ಕಣೇ. ಸುಣ್ಣ ಸರ್ಯಾಗಿ ಹಾಕಿಲ್ಲ, ಅದ್ಕೇ ಹೋಯ್ತು ಅಂತ ಊರೋರು ಇವತ್ತಿಗೂ ನನ್ನೇ ಆಡ್ಕೋತಾರೆ. ಸುಣ್ಣ ಹಾಕಿದ್ರೆ ಬೆಳೆ ಹೋಗಲ್ಲ ಅಂತ ನೀನೂ ಬರ್ದಿದ್ರೆ, ನಾನು ಯಾರ ಹತ್ರ ಹೇಳ್ಕೊಳ್ಲಿ?"