ಅವ್ವ ಅಂದದ್ದು ‘ಬರವಲ್ಲ’ ಅಂತ

ನನ್ನ ತಮ್ಮ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮುಂಬೈ ಕಡೆ ಗಿರಣಿ ಕೆಲಸಕ್ಕೆ ಹೋದ. ಮೊದಮೊದಲು ದೀಪಾವಳಿಗೆ ಬರುತ್ತಿದ್ದ. ಒಂದು ದೀಪಾವಳಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಅವನ ಜೊತೆ ಒಂದೇ ಖೋಲಿಯಲ್ಲಿದ್ದ ಕೌಜಲಗಿಯವನೊಬ್ಬ ಊರಿಗೆ ಬಂದಾಗ ಹೋಗಿ ಕೇಳಿದೆ. ತಮ್ಮ ಗಿರಣಿ ಬಿಟ್ಟು ಯಾರದೋ ಜೊತೆ ಬೇರೆ ಕೆಲಸಕ್ಕೆ ಹೋದನಂತೆ, ಎಲ್ಲಿಗೆ ಎಂದು ಹೇಳಿರಲಿಲ್ಲವಂತೆ. ಬೇಸಿಗೆ ಸೂಟಿಯಲ್ಲಿ ನಾನೇ ಮುಂಬೈಗೆ ಹೋಗಿ ಹುಡುಕಿದೆ. ಅಂಥ ಊರಿನಲ್ಲಿ ಒಬ್ಬ ಮನುಷ್ಯನನ್ನು ಎಲ್ಲಿಂದ ಹುಡುಕಲು ಆರಂಭಿಸಬೇಕು ಎಂಬುದೇ ನನಗೆ ತಿಳಿಯಲಿಲ್ಲ. ಬರಿಗೈಯಲ್ಲಿ ಬಂದೆ.

ಮಸಗುಪ್ಪಿಯ ಹತ್ತಿರದ ನಮ್ಮ ಊರಿನಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರೆ ಬಸ್ಸಿನ ದಾರಿ ಕಾಣುತ್ತದೆ. ಸಂಜೆ ಬಸ್ಸು ನಿಂತು ಮುಂದೆ ಹೋದ ಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಬರುತ್ತ ಒಂದೇ ಮಾತು ಹೇಳುತ್ತಿದ್ದಳು. “ಯಾಕೋ ಅಂವ ಬರವಲ್ಲ.”

ಈ ಮಾತನ್ನು ಬೇರೆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮಲ್ಲಿ ‘ಬರಂಗಿಲ್ಲ’ ಎಂದರೆ ಬರುವುದಿಲ್ಲ, ಮಾತು ಮುಗಿಯಿತು. ‘ಬರವಲ್ಲ’ ಎಂದರೆ ಹಾಗಲ್ಲ. ಬರಬೇಕಾದವನು, ನಾವು ದಾರಿ ಕಾಯುತ್ತಿದ್ದೇವೆ, ಇನ್ನೂ ಬರುತ್ತಿಲ್ಲ ಎಂದು. ಮೋಡ ಕವಿದೂ ಹನಿ ಬೀಳದಿದ್ದರೆ ‘ಮಳಿ ಬರವಲ್ದು’ ಅನ್ನುತ್ತೇವೆ. ಹಾಸಿಗೆಯಲ್ಲಿ ಹೊರಳಾಡುವವನು ‘ನಿದ್ದಿ ಬರವಲ್ದು’ ಅನ್ನುತ್ತಾನೆ. ಕೂಸು ಎದೆಗೆ ಬಾಯಿ ಹಚ್ಚದಿದ್ದರೆ ‘ಕುಡಿಯವಲ್ದು’ ಅನ್ನುತ್ತಾಳೆ ತಾಯಿ. ಮಳೆಗೂ ನಿದ್ದೆಗೂ ಕೂಸಿಗೂ ಏನೋ ಒಂದು ಒಲ್ಲೆನೆಂಬ ಹಟ, ನಾಳೆ ಬಿಟ್ಟೀತು ಎಂಬ ಆಸೆ ಆ ‘ವಲ್ಲ’ದಲ್ಲೇ ಇದೆ. ಅವ್ವ ಎಂದೂ ‘ಬರಂಗಿಲ್ಲ’ ಎಂದು ಅಂದವಳಲ್ಲ. ಓಣಿಯವರು ಯಾರಾದರೂ ಅಂದರೆ ಅವರ ಮನೆಗೆ ಹೋಗುವುದನ್ನೇ ಬಿಡುತ್ತಿದ್ದಳು.

ತಮ್ಮನ ಹೆಂಡತಿ ಮನೆಯಲ್ಲಿದ್ದಳು. ಹುಕ್ಕೇರಿ ಕಡೆಯ ಹುಡುಗಿ. ಅಲ್ಲಿಯ ಮಾತಿಗೂ ನಮ್ಮ ಮಾತಿಗೂ ಸಣ್ಣ ಸಣ್ಣ ಅಂತರ. ಅವರ ಓಣಿಯಲ್ಲಿ ಮರಾಠಿ ಬಳಕೆ ಹೆಚ್ಚು, ಹೆತ್ತ ತಾಯಿಯನ್ನೇ ಅವಳು ‘ಆಯಿ’ ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ಮದುವೆಯಾದ ಹೊಸತರಲ್ಲಿ ಅವಳು ತೌರಿನ ನೆನಪಾಗಿ “ನಮ್ಮ ಆಯಿಗೆ ಆರಾಮಿಲ್ರಿ” ಎಂದು ಅತ್ತಾಗ ಅವ್ವ, “ವಯಸ್ಸಾದ ಜೀವ, ಏನ ಮಾಡಾಕ ಬರತೈತಿ ಬಿಡವಾ” ಎಂದು ಸಮಾಧಾನ ಮಾಡಿ ಇನ್ನಷ್ಟು ಅಳಿಸಿದ್ದಳು. ಆಮೇಲೆ ಇಬ್ಬರೂ ಅದನ್ನು ನೆನೆದು ನಕ್ಕಿದ್ದರು. ತಮ್ಮ ಹೋದ ಮೇಲೆ ನಗು ನಿಂತರೂ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡೇ ಇದ್ದರು. ಅವಳು ತೌರಿನ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ.

ನಾನು ಗೋಕಾಕದಲ್ಲಿ ಮಾಸ್ತರನಾಗಿದ್ದೆ. ಶನಿವಾರ ಸಾಲಿ ಬಿಟ್ಟ ಮೇಲೆ ಊರಿಗೆ ಬರುತ್ತಿದ್ದೆ. ಮುಂಬೈ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆ ಉಳಿದ ಕನ್ನಡದವರ ಜೊತೆ ಕೂಡಿ ಆಗಷ್ಟೇ ಕೆಲವು ವರ್ಷಗಳಾಗಿದ್ದವು. ಹೊಸದಾಗಿ ಕೂಡಿದ ಜಿಲ್ಲೆಗಳ ಹಳ್ಳಿಯ ಕತೆಗಳು ಬೇಕೆಂದು ದಕ್ಷಿಣದ ಒಂದು ಮಾಸಪತ್ರಿಕೆ ಕೇಳಿತ್ತು. ನಾನು ಅವ್ವನನ್ನು ಬರೆದೆ. ಮಗ ಬರದ ಮನೆ, ಕಟ್ಟೆ, ಬಸ್ಸು, ಅಷ್ಟೇ ಕತೆ. ನಿರೂಪಣೆಯನ್ನು ಪುಸ್ತಕದ ಕನ್ನಡದಲ್ಲಿಟ್ಟು, ಮಾತುಗಳನ್ನು ಮಾತ್ರ ಕಿವಿಗೆ ಬಿದ್ದಂತೆ ಬರೆದೆ.

ಹಾಗೆ ಬರೆಯುವುದು ಹಗುರ ಕೆಲಸವಾಗಿರಲಿಲ್ಲ. ಸಾಲಿಯಲ್ಲಿ ಮಕ್ಕಳು ‘ಮನಿ’ ಎಂದು ಬರೆದರೆ ‘ಮನೆ’ ಎಂದು ತಿದ್ದುವ ಕೈ ನನ್ನದು. ಈಗ ಅದೇ ಕೈಯಿಂದ ‘ಮನಿ’ ಎಂದೇ ಬರೆಯಬೇಕು. ‘ಆಕಿ’ಯೋ ‘ಅಕಿ’ಯೋ? ‘ಹೋಗಾಕ’ ಎನ್ನುವಲ್ಲಿ ಕೊನೆಯಲ್ಲಿ ‘ಕೆ’ ಬೇಕೋ? ಬರೆದು, ಬಾಯಿ ಬಿಟ್ಟು ಓದಿ, ಅವ್ವ ಅಂದಂತೆ ಕೇಳದಿದ್ದರೆ ಮತ್ತೆ ಹೊಡೆದು ಹಾಕುತ್ತಿದ್ದೆ. ಎಲ್ಲ ಮಾತನ್ನೂ ಹಾಗೆ ತುಂಬಿದರೆ ಹೊರಗಿನವರಿಗೆ ಓದಲಿಕ್ಕಾಗುವುದಿಲ್ಲವೆಂದು ಕೆಲವನ್ನು ನಾನೇ ಬಿಟ್ಟೆ. ಊಟದ ಗಂಗಾಳ, ನೀರಿನ ತಂಬಿಗಿಗಳನ್ನು ಸಂದರ್ಭದಿಂದ ತಿಳಿಯುವಂತೆ ಇಟ್ಟೆ. ಕತೆಯ ಕೊನೆಯ ಸಾಲು ಅವ್ವನದೇ. “ಯಾಕೋ ಅಂವ ಬರವಲ್ಲಪಾ.”

ಸಂಪಾದಕರ ಉತ್ತರ ಬಂತು. ಕತೆ ಮನಸ್ಸಿಗೆ ತಟ್ಟಿತು, ಆದರೆ ಮಾತುಗಳು ನಮ್ಮ ಓದುಗರಿಗೆ ಅರ್ಥವಾಗುವುದು ಕಷ್ಟ, ಎಲ್ಲರಿಗೂ ತಿಳಿಯುವ ಹಳ್ಳಿ ಭಾಷೆಗೆ ತಿದ್ದಿಕೊಳ್ಳುತ್ತೇವೆ ಎಂದು. ಎಲ್ಲರಿಗೂ ತಿಳಿಯುವ ಹಳ್ಳಿ ಭಾಷೆ ಯಾವ ಹಳ್ಳಿಯದು ಎಂದು ನನಗೆ ಹೊಳೆಯಲಿಲ್ಲ. ವಸ್ತುಗಳ ಹೆಸರು ಬೇಕಾದರೆ ಬದಲಿಸಿ, ತಾಯಿಯ ಮಾತನ್ನು ಮುಟ್ಟಬೇಡಿ, ಕೊನೆಯ ಸಾಲಿನ ಅರ್ಥ ಹೀಗೆ ಎಂದು ಅಂದೇ ಬರೆದು ಹಾಕಿದೆ. ಅದು ಮುಟ್ಟುವಷ್ಟರಲ್ಲಿ ಅಚ್ಚಿನ ಕೆಲಸ ಮುಗಿದಿತ್ತೆಂದು ಆಮೇಲೆ ತಿಳಿಯಿತು.

ಪತ್ರಿಕೆ ಊರಿನ ವಿಳಾಸಕ್ಕೇ ಬಂದಿತ್ತು. ಶನಿವಾರ ನಾನು ಮನೆ ಮುಟ್ಟಿದಾಗ ಅವ್ವ ಅದನ್ನು ಗೋಡೆಯಲ್ಲಿನ ದೇವರ ಮಾಡದಿಂದ ತೆಗೆದು ತಂದಳು. ಕುಂಕುಮ ಹಚ್ಚಿದ್ದಳು. ಮಗ ಬರೆದ ಕತೆ ಅಚ್ಚಾಗಿದೆ, ಅದೂ ತನ್ನದೇ ಕತೆ. ಕೈಕಾಲು ತೊಳೆಯಲು ನಾನು ಹಿತ್ತಲಿಗೆ ಹೋದೆ. ಅಷ್ಟರಲ್ಲಿ ಅವ್ವನಿಗೆ ತಡೆಯಲಾಗಲಿಲ್ಲ, ಸೊಸೆಯನ್ನು ಕರೆದು ಓದೆಂದಳು. ಭಾವನ ಎದುರು ಗಟ್ಟಿಯಾಗಿ ಮಾತಾಡದ ಹೆಣ್ಣುಮಗಳು, ನಾನು ಒಳಗಿಲ್ಲದ್ದೇ ಅನುಕೂಲವೆಂದು ಓದತೊಡಗಿದಳು.

ಹಿತ್ತಲಿನ ಬಾಗಿಲಲ್ಲಿ ನಿಂತು ನಾನು ಕೇಳಿದೆ. ನನ್ನ ಕತೆಯನ್ನು ನನಗೇ ಗುರುತು ಹಿಡಿಯಲಾಗಲಿಲ್ಲ. ‘ಐತಿ’ ಹೋಗಿ ‘ಐತೆ’ ಆಗಿತ್ತು. ‘ಹೋಗಾಕತ್ತೇನಿ’ ಹೋಗಿ ‘ಓಯ್ತಾ ಇವ್ನಿ’ ಆಗಿತ್ತು. ತಂಬಿಗಿ ಚೆಂಬಾಗಿತ್ತು. ಅವ್ವ ಮಗನನ್ನು ‘ಯಪ್ಪಾ’ ಎಂದು ಕರೆದಲ್ಲಿ ‘ಲೋ ಮಗನೇ’ ಎಂದಿತ್ತು. ನಮ್ಮಲ್ಲಿ ಅದು ಜಗಳದ ಬೈಗುಳ. ಅವ್ವ ಅಲ್ಲಿಯೇ ತಡೆದಳು.

“ನಾ ಅವಗ ಹಂಗ ಬೈದೇನಿ ಅಂತ ಬರದಾನೇನ?”

“ಹಂಗ ಐತ್ರಿ ಅತ್ತಿ. ಬ್ಯಾರೆ ಕಡೆ ಹಂಗ ಕರೀತಾರೋ ಏನೋ,” ಎಂದಳು ಸೊಸೆ. ಓದು ಮುಂದುವರಿಯಿತು. ಅವ್ವ ಹೂಂಗುಡುವುದನ್ನು ನಿಲ್ಲಿಸಿದ್ದಳು. ನಾನು ಒಳಗೆ ಕಾಲಿಟ್ಟಾಗ ಸೊಸೆ ಕೊನೆಯ ಸಾಲಿಗೆ ಬಂದಿದ್ದಳು.

“‘ಅವ್ನು ಬರಲ್ಲ ಕಣಪ್ಪಾ.’ ಮುಗೀತ್ರಿ.”

ಒಂದು ‘ವ’ ಬಿದ್ದುಹೋಗಿತ್ತು. ತಪ್ಪಿ ಸೇರಿದ ಅಕ್ಷರವೆಂದು ಆ ಸಂಪಾದಕರಿಗೆ ಅನ್ನಿಸಿರಬೇಕು. ಅವರ ಕಡೆ ಬರವಲ್ಲ ಎಂಬ ಮಾತಿಲ್ಲ, ಬರಲ್ಲ ಎಂಬುದಿದೆ. ನಮ್ಮ ಕಡೆ ಬರಲ್ಲ ಎಂಬುದಿಲ್ಲ.

“ಬರಲ್ಲ ಅಂದ್ರ ಏನವಾ?” ಅವ್ವ ಕೇಳಿದಳು.

ಸೊಸೆ ಸಾಲಿ ಕಲಿತವಳು, ಅರ್ಥ ಸರಿಯಾಗಿಯೇ ಹೇಳಿದಳು. “ಬರಂಗಿಲ್ಲ ಅಂತ್ರಿ.” ಹೇಳಿದ ಮೇಲೆ ಯಾರ ಬಗ್ಗೆ ಹೇಳಿದೆ ಎಂಬುದು ಅವಳಿಗೆ ತಿಳಿಯಿತು. ಪತ್ರಿಕೆಯನ್ನು ತೊಡೆಯ ಮೇಲೆ ಬೋರಲು ಹಾಕಿದಳು.

“ಅವ್ವಾ, ನಾ ಹಂಗ ಬರದಿಲ್ಲ. ನೀ ಅಂದಂಗ ಬರವಲ್ಲ ಅಂತನ ಬರದಿದ್ನಿ. ಅವರು ತಿದ್ಯಾರ,” ಎಂದೆ.

“ತಿದ್ಯಾರ?” ಅವ್ವ ನನ್ನ ಕಡೆ ನೋಡಿದಳು. “ಯಾಕ ತಿದ್ದಿದ್ರು? ಅವರಿಗೆ ಏನರೆ ಸುದ್ದಿ ಬಂದೈತೇನ?”

“ಸುದ್ದಿ ಗಿದ್ದಿ ಇಲ್ಲವ್ವಾ. ಅವರ ಕಡೆ ಮಾತ ಹಂಗ. ಅವರಿಗೆ ನಮ್ಮ ಮಾತ ತಿಳಿಯಂಗಿಲ್ಲ.”

“ತಿಳೀಲಾರದ ತಿದ್ದತಾರೇನ ಯಪ್ಪಾ? ತಪ್ಪ ಇದ್ರ ತಿದ್ದತಾರ. ನೀನೂ ಸಾಲ್ಯಾಗ ಹಂಗ ಮಾಡತಿ.”

ನಾನು ಎಷ್ಟೋ ಹೇಳಿದೆ. ಆ ಕಡೆಯವರು ಉಳ್ಳಾಗಡ್ಡಿಗೆ ಈರುಳ್ಳಿ ಅನ್ನುತ್ತಾರೆ, ಅದೂ ಹಾಗೆಯೇ, ಪದ ಬೇರೆ ಅಷ್ಟೇ ಎಂದೆ. ಅವ್ವ ತಲೆಯಾಡಿಸಿದಳು. “ಉಳ್ಳಾಗಡ್ಡಿಗಿ ಏನರೆ ಅನ್ಲಿ, ಅದು ಉಳ್ಳಾಗಡ್ಡಿನ. ಇದು ಬ್ಯಾರೆ ಮಾತಲ್ಲೇನ?” ಎಂದಳು. ನಿಜಕ್ಕೂ ಬೇರೆ ಮಾತೇ. ಅಚ್ಚು ಹಾಕುವವರು ಅರಿಯದೆ ಹಾಕಿದರು ಎಂಬುದನ್ನು ಅವಳಿಗೆ ನಂಬಿಸಲಾಗಲಿಲ್ಲ. ಅವಳಿಗೆ ಅಚ್ಚಿನ ಕಾಗದವೆಂದರೆ ಪಂಚಾಂಗ, ಕೋರ್ಟಿನ ಹುಕುಂ. ಅವು ಆಗುವುದನ್ನೂ ಆದದ್ದನ್ನೂ ಹೇಳುತ್ತವೆ.

ಮರುದಿನ ಸಂಜೆ ಅವಳು ಕಟ್ಟೆಗೆ ಹೋಗಲಿಲ್ಲ. ಬಸ್ಸು ಬಂದು ಹೋದದ್ದು ಒಳಗೆ ಕೇಳಿಸಿತು. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಮುಂದಿನ ಶನಿವಾರ, ಅದರ ಮುಂದಿನ ಶನಿವಾರ, ನಾನು ಬೇಕೆಂದೇ “ಅಂವ ಯಾಕೋ ಬರವಲ್ಲಲ್ಲಬೇ” ಎಂದು ಮಾತು ತೆಗೆದೆ. ಅವಳು ಕೇಳಿಸದವಳಂತೆ ಇದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಅವ್ವ ತಾನೇ ಹುಕ್ಕೇರಿ ಕಡೆ ಹೇಳಿ ಕಳಿಸಿದಳು. ಸೊಸೆಯ ಅಪ್ಪ ಬಂದು ಪಡಸಾಲೆಯಲ್ಲಿ ಕೂತ. “ಹುಡುಗಿ ಸಣ್ಣಾಕಿ ಅದಾಳ್ರಿ. ಕರಕೊಂಡ ಹೋಗ್ರಿ, ಛಲೋ ಮನಿ ನೋಡಿ ಉಡಿಕಿ ಮಾಡಿಕೊಡ್ರಿ,” ಎಂದಳು ಅವ್ವ. ಉಡಿಕಿ ಎಂದರೆ ಮರುಮದುವೆ. ಗಂಡ ಸತ್ತವಳಿಗೆ ಇಲ್ಲವೆ ಗಂಡ ಬಿಟ್ಟವಳಿಗೆ ಮಾಡುವುದು. ಆ ಮನುಷ್ಯ ಗಾಬರಿಯಾಗಿ ನನ್ನ ಮುಖ ನೋಡಿದ.

“ಸುದ್ದಿ ಬಂತೇನ್ರಿ ಮಾಸ್ತರ?”

“ಇಲ್ರಿ,” ಎಂದೆ.

“ಬಂದೈತಿ,” ಎಂದಳು ಅವ್ವ.

ಸೊಸೆ ಹೋಗಲು ಒಪ್ಪಲಿಲ್ಲ. ಅವ್ವನ ಕಾಲು ಹಿಡಿದುಕೊಂಡು, “ನಾ ತಪ್ಪ ಓದೇನ್ರಿ ಅತ್ತಿ. ನನಗ ಓದಾಕ ಬರಂಗಿಲ್ರಿ,” ಎಂದು ಅತ್ತಳು. ಅವ್ವ ಅವಳ ತಲೆ ಸವರಿ, ಬಗ್ಗಿ ಗಂಟು ಕಟ್ಟಿಕೊಟ್ಟಳು. ರೊಟ್ಟಿ, ಕುಬಸದ ಖಣ, ತಮ್ಮ ಮುಂಬೈಯಿಂದ ತಂದಿದ್ದ ಒಂದು ಕನ್ನಡಿ. ಬಸ್ಸು ಹತ್ತುವಾಗ ನಾನು ಜೊತೆಗಿದ್ದೆ. ಅವಳು ಜೀವನದಲ್ಲಿ ಮೊದಲ ಸಲ ನನ್ನ ಕಡೆ ಮುಖ ಮಾಡಿ ಮಾತಾಡಿದಳು. “ಭಾವಾರ, ಅವರು ಬಂದ್ರ ನನಗ ಹೇಳಿ ಕಳಸ್ರಿ.” ಕಳಿಸುತ್ತೇನೆ ಎಂದೆ. ಎರಡು ಬೇಸಿಗೆ ಕಳೆದ ಮೇಲೆ ಅವಳ ಉಡಿಕಿಯಾಯಿತೆಂದು ಕೇಳಿದೆವು.

ಈ ನಡುವೆ ಸಂಪಾದಕರ ಕಾಗದ ಬಂದಿತ್ತು. ಓದುಗರು ಕತೆಯನ್ನು ಬಹಳ ಮೆಚ್ಚಿದ್ದಾರೆ, ಅದರಲ್ಲೂ ಕೊನೆಯ ಸಾಲು ಅನೇಕರ ಕಣ್ಣಲ್ಲಿ ನೀರು ತರಿಸಿದೆ, ಇಂಥದ್ದೇ ಇನ್ನೊಂದು ಬರೆಯಿರಿ ಎಂದು. ನನ್ನ ಆಕ್ಷೇಪಣೆಗೆ ಒಂದೇ ವಾಕ್ಯದ ಉತ್ತರವಿತ್ತು: ಅರ್ಥದಲ್ಲಿ ಹೆಚ್ಚು ವ್ಯತ್ಯಾಸವಾಗಿಲ್ಲವೆಂದು ಭಾವಿಸುತ್ತೇವೆ. ಒಳ್ಳೆಯ ಮನುಷ್ಯರೇ ಇರಬೇಕು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದೂ ಪೂರ್ತಿ ಬರಲಿಲ್ಲ. ಅವರು ತಮ್ಮ ಊರಿನ ತಾಯಿಯ ಬಾಯಲ್ಲಿ ಆ ಮಾತು ಕೇಳಿದ್ದರು, ನಾನು ನಮ್ಮೂರಿನವಳ ಬಾಯಲ್ಲಿ ಕೇಳಿದ್ದೆ. ಎರಡಕ್ಕೂ ಕನ್ನಡವೆಂದೇ ಹೆಸರು. ಇನ್ನೊಂದು ಕತೆಗೆ ಕೂತೆ. ಯಾರಾದರೂ ಬಾಯಿ ತೆರೆಯುವ ಜಾಗಕ್ಕೆ ಬಂದಾಗ ಕೈ ನಿಂತುಬಿಡುತ್ತಿತ್ತು. ಕೊನೆಗೆ ಬಿಟ್ಟೆ.

ಅವ್ವ ಆಮೇಲೆ ಬಹಳ ವರ್ಷ ಬದುಕಲಿಲ್ಲ. ಹಾಸಿಗೆ ಹಿಡಿದಾಗಲೂ ತಮ್ಮನ ಹೆಸರು ಎತ್ತಲಿಲ್ಲ. ನೀರು ಕೇಳಿದಳು, ಹೊದಿಕೆ ಕೇಳಿದಳು, ಅಷ್ಟೇ.

ಅವ್ವ ತೀರಿದ ಸುದ್ದಿ ತಿಳಿದು ತಮ್ಮನ ಹೆಂಡತಿಯಾಗಿದ್ದವಳು ಬಂದಳು, ಕಂಕುಳಲ್ಲಿ ಒಂದು ಕೂಸು. ಬಾಗಿಲಲ್ಲಿ ನಿಂತು ಒಳಗೆ ಬರಬೇಕೋ ಬೇಡವೋ ಎಂದು ಅಳುಕಿದಳು. ಯಾರೋ ಕರೆದು ಕೂರಿಸಿದರು. ಅವಳು ಅತ್ತಳು, ಆದರೆ ಯಾವ ಹೆಸರು ಹಿಡಿದು ಅಳಬೇಕೆಂದು ತೋಚದೆ ಬರಿದೇ ದನಿ ತೆಗೆದಳು. ಅತ್ತೆ ಎನ್ನುವ ಹಕ್ಕು ಅವಳಿಗೆ ಉಳಿದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟಾಗ ನಾನು ಅಂಗಳದವರೆಗೆ ಹೋದೆ. ತಮ್ಮನ ಸುದ್ದಿಯನ್ನು ಅವಳು ಕೇಳಲಿಲ್ಲ. ಕೂಸು ಅಳತೊಡಗಿತು, ಅದನ್ನು ಸಮಾಧಾನ ಮಾಡುತ್ತ ಅವಳು ದಾರಿ ಹಿಡಿದಳು.